ಕಥೆ ಎಷ್ಟು, ಅಭಿಪ್ರಾಯ ಎಷ್ಟು: ಹಳೆಯ ಕಾದಂಬರಿಯ ವಿಮರ್ಶೆ ಬರೆಯುವ ಕ್ರಮ

ಮೈಸೂರು, ಮಂಡ್ಯ ಕಡೆಯ ನಿವೃತ್ತ ಅಧ್ಯಾಪಕರು ಬರೆಯುವ ಕಾದಂಬರಿ ವಿಮರ್ಶೆಗಳಲ್ಲಿ ಒಂದೇ ತೊಂದರೆ ಮತ್ತೆ ಮತ್ತೆ ಕಾಣುತ್ತದೆ. 900 ಪದಗಳ ಬರಹದಲ್ಲಿ 800 ಪದ ಕಥೆಗೇ ಹೋಗಿರುತ್ತದೆ. ಉಳಿದ ನೂರರಲ್ಲಿ "ಮನೋಜ್ಞ", "ಮೇರುಕೃತಿ", "ಎಲ್ಲರೂ ಓದಲೇಬೇಕು" ಎಂಬ ಮಾತುಗಳು ಸಾಲುಗಟ್ಟಿರುತ್ತವೆ. ಬರೆದವರು ಮೂವತ್ತು ವರ್ಷ ಸಾಹಿತ್ಯ ಪಾಠ ಮಾಡಿದವರು, ಪುಸ್ತಕವನ್ನು ನಾಲ್ಕು ಸಲ ಓದಿದವರು. ಆದರೂ ಅವರಿಗೆ ಆ ಪುಸ್ತಕದ ಬಗ್ಗೆ ನಿಜಕ್ಕೂ ಏನನ್ನಿಸಿತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ.

ಇದಕ್ಕೆ ಕಾರಣ ತರಗತಿಯ ರೂಢಿ. ಅಲ್ಲಿ ಅರ್ಧ ಜನ ಪಠ್ಯ ಓದಿಕೊಂಡು ಬಂದಿರುವುದಿಲ್ಲ, ಹಾಗಾಗಿ ಮೊದಲು ಕಥಾಸಾರ ಹೇಳಿ, ಆಮೇಲೆ ಪಾತ್ರಗಳ ವಿವರಕ್ಕೆ ಹೋಗಿ, ಗಂಟೆ ಹೊಡೆಯುವ ಮುಂಚೆ ಎರಡು ಮಾತು ಮೆಚ್ಚುಗೆ ಹೇಳಿ ಮುಗಿಸುವುದು ಅಭ್ಯಾಸವಾಗಿರುತ್ತದೆ. ಆ ಕ್ರಮ ಪರೀಕ್ಷೆಗೆ ಸರಿ, ವಿಮರ್ಶೆಗೆ ಅಲ್ಲ. ಕೆಳಗಿನ ಹಂತಗಳು ಈ ಕ್ರಮವನ್ನು ಬದಲಿಸುವುದಕ್ಕಾಗಿ. ಉದಾಹರಣೆಗೆ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಉದ್ದಕ್ಕೂ ಇಟ್ಟುಕೊಂಡಿದ್ದೇವೆ. 1965ರಲ್ಲಿ ಬಂದ ಈ ಕಾದಂಬರಿಯ ಕಥೆ ನಂಜನಗೂಡು ಮತ್ತು ಮೈಸೂರಿನ ನಡುವೆ ನಡೆಯುತ್ತದೆ. ಈ ಭಾಗದ ಹೆಚ್ಚಿನ ಓದುಗರಿಗೆ ಅದು ಗೊತ್ತು. ಕಥಾಸಾರ ಮತ್ತು ಅಭಿಪ್ರಾಯದ ಜಗಳ ಅದರಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ ಕೂಡ, ಏಕೆಂದರೆ ಅದರ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಬೇಕಾದರೆ ಕೊನೆಯಲ್ಲಿರುವ ಗುಟ್ಟನ್ನು ಮುಟ್ಟಲೇಬೇಕಾಗುತ್ತದೆ.

## ಬೇಕಾಗುವ ಸಾಮಾನು

ಒಂದು ಗೆರೆಯಿರುವ ನೋಟ್‌ಬುಕ್, ಒಂದು ಸೀಸದಕಡ್ಡಿ, ಕೆಂಪು ಮತ್ತು ನೀಲಿ ಬಣ್ಣದ ಎರಡು ಪೆನ್ನು, ಪುಟದ ನಡುವೆ ಇಡಲು ಇಪ್ಪತ್ತು ಇಪ್ಪತ್ತೈದು ಕಾಗದದ ಚೀಟಿಗಳು. ಪುಸ್ತಕ ನಿಮ್ಮದೇ ಆಗಿದ್ದರೆ ಒಳ್ಳೆಯದು. ಗ್ರಂಥಾಲಯದ್ದಾದರೆ ಯಾವ ಮುದ್ರಣ ಎಂದು ಮೊದಲ ದಿನವೇ ಬರೆದಿಡಿ. ಹಳೆಯ ಕಾದಂಬರಿಗಳ ಪುಟಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ. ಪುಸ್ತಕ ಹಿಂದಿರುಗಿಸಿದ ಮೇಲೆ ಬೇರೆ ಪ್ರತಿ ಸಿಕ್ಕರೆ ನೀವು ಬರೆದಿಟ್ಟ ಪುಟಸಂಖ್ಯೆಗಳೆಲ್ಲ ವ್ಯರ್ಥ.

## ಹಂತ 1: ಮತ್ತೊಮ್ಮೆ ಓದಿ, ಎರಡು ಬದಿಯ ಟಿಪ್ಪಣಿ ಮಾಡಿ

ನೆನಪಿನಿಂದ ಬರೆಯಬೇಡಿ. ಮೂವತ್ತು ವರ್ಷದ ಹಿಂದೆ ಪಾಠ ಮಾಡಿದ ಪುಸ್ತಕ ಪೂರ್ತಿ ನೆನಪಿದೆ ಎಂಬ ಭರವಸೆಯೇ ಹೆಚ್ಚು ತಪ್ಪುಗಳಿಗೆ ಮೂಲ. ‘ವಂಶವೃಕ್ಷ’ದಂಥ ಪುಸ್ತಕಕ್ಕೆ ಇನ್ನೂ ಒಂದು ಅಪಾಯವಿದೆ. ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ನಿರ್ದೇಶಿಸಿದ ಸಿನಿಮಾ ನೋಡಿದವರಿಗೆ ಪುಸ್ತಕದ ದೃಶ್ಯ ಯಾವುದು, ತೆರೆಯ ಮೇಲಿನ ದೃಶ್ಯ ಯಾವುದು ಎಂಬುದು ಕಲಸಿಹೋಗಿರುತ್ತದೆ. ಪಾತ್ರದ ಮುಖವನ್ನು ನೆನೆಸಿಕೊಂಡಾಗ ನಟರ ಮುಖ ಕಣ್ಣಿಗೆ ಬಂದರೆ ಅದೇ ಎಚ್ಚರಿಕೆಯ ಗುರುತು. ಆ ಪಾತ್ರದ ಬಗ್ಗೆ ನೀವು ಬರೆಯುವ ಪ್ರತಿ ವಾಕ್ಯವನ್ನೂ ಪುಟ ತೆರೆದು ತಾಳೆ ನೋಡಿ.

ನೋಟ್‌ಬುಕ್ಕಿನ ಎಡಪುಟಕ್ಕೆ "ನಡೆದದ್ದು" ಎಂದೂ ಬಲಪುಟಕ್ಕೆ "ಅನ್ನಿಸಿದ್ದು" ಎಂದೂ ತಲೆಬರಹ ಹಾಕಿ. ಪ್ರತಿ ಅಧ್ಯಾಯಕ್ಕೆ ಎಡಗಡೆ ಎರಡೇ ಸಾಲು. ಬಲಗಡೆ ಎಷ್ಟಾದರೂ ಬರೆಯಬಹುದು, ಆದರೆ ಅಧ್ಯಾಯ ಮುಗಿದ ಕೂಡಲೇ, ಮುಂದಿನದನ್ನು ತೆರೆಯುವ ಮುಂಚೆ ಬರೆಯಬೇಕು. ಮರುಮದುವೆಯಾದ ಸೊಸೆ ಕಾತ್ಯಾಯನಿ ಮೊದಲ ಗಂಡನ ಮನೆಗೆ ತನ್ನ ಮಗುವನ್ನು ಕೇಳಲು ಬಂದು ಬರಿಗೈಯಲ್ಲಿ ಹಿಂದಿರುಗುವ ಭಾಗ ಓದಿದಾಗ ಅವಳ ಮಾವ ಶ್ರೋತ್ರಿಯರ ಮೇಲೆ ಸಿಟ್ಟು ಬಂತೇ, ಗೌರವ ಬಂತೇ, ಎರಡೂ ಒಟ್ಟಿಗೆ ಬಂತೇ? ಅದನ್ನು ಆಗಲೇ ಬರೆದಿಡದಿದ್ದರೆ ಪುಸ್ತಕ ಮುಗಿಯುವ ಹೊತ್ತಿಗೆ ಕೊನೆಯ ಅಧ್ಯಾಯಗಳ ಭಾರ ಹಿಂದಿನ ಅನಿಸಿಕೆಗಳನ್ನೆಲ್ಲ ಒರೆಸಿಹಾಕಿರುತ್ತದೆ. ಆಮೇಲೆ ಕೈಯಲ್ಲಿ ಉಳಿಯುವುದು "ಗಂಭೀರ ಕೃತಿ" ಎಂಬ ಮಸುಕು ಮಾತು ಮಾತ್ರ.

ಓದು ಮುಗಿದಾಗ ಎಡಪುಟಗಳು ತುಂಬಿ, ಬಲಪುಟಗಳು ಖಾಲಿ ಉಳಿದಿದ್ದರೆ ಬರೆಯಲು ಕೂರಬೇಡಿ. ವಿಮರ್ಶೆ ಬರೆಯುವಷ್ಟು ಸರಕು ಇನ್ನೂ ಸಿಕ್ಕಿಲ್ಲ ಎಂದೇ ಅರ್ಥ.

## ಹಂತ 2: ಅಭಿಪ್ರಾಯವನ್ನು ಮೊದಲು ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಮೊದಲು ಕಥೆ ಬರೆದುಕೊಂಡು ಆಮೇಲೆ ಅಭಿಪ್ರಾಯ ಸೇರಿಸೋಣ ಎಂದರೆ ಕಥೆ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಾಗುವುದಿಲ್ಲ. ಅಭಿಪ್ರಾಯ ಏನೆಂದು ಮೊದಲೇ ನಿಶ್ಚಯವಾಗಿದ್ದರೆ, ಅದನ್ನು ಅರ್ಥಮಾಡಿಕೊಳ್ಳಲು ಓದುಗರಿಗೆ ಕಥೆ ಎಷ್ಟು ಬೇಕೋ ಅಷ್ಟನ್ನೇ ಹೇಳಬಹುದು.

ಬಲಪುಟಗಳನ್ನು ಒಮ್ಮೆ ತಿರುವಿ ಹಾಕಿ, ಒಂದೇ ವಾಕ್ಯ ಬರೆಯಿರಿ. ಆ ವಾಕ್ಯವನ್ನು ಯಾರಾದರೂ ಒಪ್ಪದಿರಲು ಸಾಧ್ಯವಿರಬೇಕು. "ವಂಶವೃಕ್ಷ ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷದ ಕಥೆ" ಎಂಬುದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ, ಹಾಗಾಗಿ ಅದು ಅಭಿಪ್ರಾಯವಲ್ಲ, ಬೆನ್ನುಪುಟದ ಬರಹ. "ಈ ಕಾದಂಬರಿ ಸಂಪ್ರದಾಯ ಮುರಿದವರನ್ನು ಶಿಕ್ಷಿಸುತ್ತದೆ" ಎಂಬುದಕ್ಕೆ ಇಲ್ಲ ಎನ್ನುವವರಿದ್ದಾರೆ. ಇದು ಅಭಿಪ್ರಾಯ.

ಈಗ ಆ ವಾಕ್ಯಕ್ಕೆ ಪುಸ್ತಕವನ್ನೇ ಎದುರು ನಿಲ್ಲಿಸಿ. ಪರವಾಗಿ ಏನಿದೆ? ಗಂಡ ಸತ್ತ ಕಾತ್ಯಾಯನಿ ಮೈಸೂರಿನ ಕಾಲೇಜಿಗೆ ಹೋಗಿ, ಅಲ್ಲಿ ರಾಜ ಎಂಬುವನನ್ನು ಮೆಚ್ಚಿ ಮದುವೆಯಾಗುತ್ತಾಳೆ, ಮಗನನ್ನು ನಂಜನಗೂಡಿನಲ್ಲೇ ಬಿಡಬೇಕಾಗುತ್ತದೆ, ಮತ್ತೆ ಮತ್ತೆ ಗರ್ಭಪಾತವಾಗುತ್ತದೆ, ಅಪರಾಧಿ ಭಾವ ಅವಳನ್ನು ಒಳಗಿನಿಂದ ತಿನ್ನುತ್ತದೆ, ಕೊನೆಗೆ ಸಾಯುತ್ತಾಳೆ. ವಾಕ್ಯ ಗಟ್ಟಿ ಎನ್ನಿಸುತ್ತದೆ. ಆದರೆ ವಿರುದ್ಧವಾಗಿಯೂ ಒಂದು ದೊಡ್ಡ ಸಾಕ್ಷಿ ಪುಸ್ತಕದಲ್ಲೇ ಇದೆ. ವಂಶದ ಶುದ್ಧಿಗಾಗಿ ಬದುಕೆಲ್ಲ ನಿಷ್ಠೆಯಿಂದ ನಡೆದ ಶ್ರೀನಿವಾಸ ಶ್ರೋತ್ರಿಯರಿಗೆ, ತಾನು ಯಾರ ಮಗನೆಂದು ತಿಳಿದಿದ್ದರೋ ಅವರ ಮಗನಲ್ಲ ಎಂಬುದು ಕಡೆಗಾಲದಲ್ಲಿ ತಿಳಿಯುತ್ತದೆ. ಆಸ್ತಿ ತಮ್ಮನ ಪಾಲಾಗಬಾರದೆಂಬ ಹಟದಿಂದ ಹಿಂದಿನ ತಲೆಮಾರು ಮಾಡಿದ ಕೆಲಸ ಅದು. ಅಂದರೆ ಕಾತ್ಯಾಯನಿಯನ್ನು ಯಾವ ಮರದ ಹೆಸರಿನಲ್ಲಿ ಹೊರಗಿಡಲಾಯಿತೋ ಆ ಮರದ ಬೇರೇ ಬೇರೆ ಕಡೆಯದು.

ಈ ಸಾಕ್ಷಿ ಎದುರಾದ ಮೇಲೆ ಮೊದಲ ವಾಕ್ಯ ಹಾಗೇ ನಿಲ್ಲಲಾರದು. ಪೂರ್ತಿ ಬಿಡಬೇಕಾಗಿಯೂ ಇಲ್ಲ. ಹೀಗೆ ತಿದ್ದಬಹುದು: "ಕಾದಂಬರಿಯ ಕೊನೆ ಶ್ರೋತ್ರಿಯರ ನಂಬಿಕೆಯ ಬುಡವನ್ನೇ ಅಲ್ಲಾಡಿಸುತ್ತದೆ. ಆದರೆ ಅದಕ್ಕೆ ಶ್ರೋತ್ರಿಯರು ಸನ್ಯಾಸದ ಬೆಲೆ ಕೊಟ್ಟರೆ, ಕಾತ್ಯಾಯನಿ ಪ್ರಾಣದ ಬೆಲೆ ಕೊಡುತ್ತಾಳೆ. ಈ ಎರಡು ಬೆಲೆಗಳ ಅಂತರವನ್ನು ಕಾದಂಬರಿ ಸಾಕಷ್ಟು ಪ್ರಶ್ನಿಸುವುದಿಲ್ಲ." ಮೂರು ವಾಕ್ಯವಾಯಿತು, ಪರವಾಗಿಲ್ಲ. ಇದರಲ್ಲಿ ಮೆಚ್ಚುಗೆಯೂ ಇದೆ, ತಕರಾರೂ ಇದೆ, ಎರಡೂ ಪುಟ ತೆರೆದು ತೋರಿಸಬಹುದಾದ ಮಾತುಗಳು. ಇದನ್ನು ನೀವು ಒಪ್ಪಬೇಕಿಲ್ಲ. ಶ್ರೋತ್ರಿಯರ ತ್ಯಾಗವೇ ದೊಡ್ಡದೆಂದು ನಿಮಗನ್ನಿಸಿದರೆ ಅದನ್ನೇ ಬರೆಯಿರಿ, ಆದರೆ ಇದೇ ರೀತಿ ಎದುರು ಸಾಕ್ಷಿಯನ್ನು ಎದುರಿಸಿ ಬರೆಯಿರಿ.

ಇಲ್ಲಿ ಇನ್ನೊಂದು ತಪ್ಪು ದಾರಿ ತೆರೆದುಕೊಳ್ಳುತ್ತದೆ. ಲೇಖಕರ ಸಾರ್ವಜನಿಕ ನಿಲುವುಗಳ ಮೇಲಿನ ಸಿಟ್ಟನ್ನೋ ಅಭಿಮಾನವನ್ನೋ ತಂದು ಕಾದಂಬರಿಯ ಮೇಲೆ ಹೇರುವುದು. ನಿಮ್ಮ ವಾಕ್ಯದ ಕರ್ತೃಪದ ನೋಡಿ. "ಕಾದಂಬರಿ", "ಕಾತ್ಯಾಯನಿ", "ಶ್ರೋತ್ರಿಯರು" ಎಂದಿದ್ದರೆ ಸರಿ. ಸಾಲುಸಾಲಾಗಿ "ಭೈರಪ್ಪನವರು ಯಾವಾಗಲೂ" ಎಂದು ಶುರುವಾಗುತ್ತಿದ್ದರೆ ನೀವು ಈ ಪುಸ್ತಕವನ್ನು ಬಿಟ್ಟು ಬೇರೆ ವಾದಕ್ಕೆ ಹೋಗಿದ್ದೀರಿ.

## ಹಂತ 3: ಕಥೆಯನ್ನು ಬಾಯಲ್ಲಿ ಹೇಳಿ ನೋಡಿ

ಕಥಾಸಾರವನ್ನು ಬರೆಯುವ ಮುಂಚೆ ಪುಸ್ತಕ ಓದಿರದ ಒಬ್ಬರಿಗೆ ಬಾಯಲ್ಲಿ ಹೇಳಬೇಕು. ಮಂಡ್ಯದಲ್ಲಿ ರೈಲು ಹತ್ತಿ ಮೈಸೂರಿಗೆ ಹೊರಟವರು ಪಕ್ಕದಲ್ಲಿ ಕೂತಿದ್ದಾರೆ ಎಂದುಕೊಳ್ಳಿ. ಪಾಂಡವಪುರ ಬರುವುದರೊಳಗೆ ಅವರಿಗೆ ಕಥೆಯ ನೆಲೆ ಅರ್ಥವಾಗಿ "ಆಮೇಲೆ?" ಎನ್ನಬೇಕು. ಮನೆಯವರಿಗೇ ಹೇಳಬಹುದು, ಆದರೆ ನೋಟ್‌ಬುಕ್ ಮುಚ್ಚಿಟ್ಟು ಹೇಳಬೇಕು.

ಹೀಗೆ ಹೇಳುವಾಗ ಬಾಯಿಗೆ ತಾನಾಗಿ ಬಂದ ಹೆಸರುಗಳು ಮಾತ್ರ ಕಥಾಸಾರಕ್ಕೆ ಬೇಕಾದ ಹೆಸರುಗಳು. ‘ವಂಶವೃಕ್ಷ’ದಲ್ಲಿ ಶ್ರೋತ್ರಿ, ಕಾತ್ಯಾಯನಿ, ರಾಜ, ಸದಾಶಿವರಾಯ, ಕರುಣಾ, ನಾಗಲಕ್ಷ್ಮಿ, ಇಷ್ಟರಲ್ಲಿ ಶ್ರೋತ್ರಿಯರ ಮನೆಯದು, ಇತಿಹಾಸಕಾರ ಸದಾಶಿವರಾಯರದು ಎಂಬ ಕಥೆಯ ಎರಡೂ ಎಳೆಗಳು ಬಂದುಬಿಡುತ್ತವೆ. ಭಾಗೀರಥಮ್ಮ, ಲಕ್ಷ್ಮಿ, ಚೀನಿ, ಪೃಥ್ವಿ ಎಂದು ಒಂದೇ ಪ್ಯಾರಾದಲ್ಲಿ ಹತ್ತು ಹೆಸರು ತುರುಕಿದರೆ ಓದದವರಿಗೆ ಯಾರು ಯಾರ ಮಗ ಎಂಬುದೇ ತಿಳಿಯದೆ ಅಲ್ಲೇ ಬಿಟ್ಟುಬಿಡುತ್ತಾರೆ. "ಶ್ರೋತ್ರಿಯರ ಹೆಂಡತಿ", "ಮನೆಗೆಲಸದವಳು", "ಮಗು" ಎಂದರೆ ಸಾಕು.

## ಹಂತ 4: ಕಥಾಸಾರಕ್ಕೆ ಅಳತೆ ಹಾಕಿ

900 ಪದಗಳ ಬರಹಕ್ಕೆ ಒಂದೇ ಜಾಗದಲ್ಲಿ ಬರುವ ಕಥಾಸಾರ 250 ಪದ ದಾಟಬಾರದು. ಉಳಿದ ಕಥೆಯನ್ನು ಹೇಳಬಾರದೆಂದಲ್ಲ. ಅದು ಅಭಿಪ್ರಾಯದ ಒಳಗೆ, ಸಾಕ್ಷಿಯಾಗಿ, ಬೇಕಾದಾಗ ಬೇಕಾದಷ್ಟು ಬರಲಿ.

ಅಳತೆಯ ಜೊತೆಗೆ ಗಡಿಯೂ ಬೇಕು. ಕಾದಂಬರಿಯ ಮೊದಲ ಮೂರನೇ ಒಂದು ಭಾಗದಲ್ಲಿ ನಡೆಯುವುದನ್ನು ಧಾರಾಳವಾಗಿ ಹೇಳಬಹುದು. ಅಲ್ಲಿಂದ ಮುಂದೆ ಘಟನೆಗಳನ್ನು ಬಿಟ್ಟು ಪಾತ್ರಗಳು ಸಿಕ್ಕಿಬಿದ್ದ ಇಕ್ಕಟ್ಟನ್ನು ಮಾತ್ರ ಹೇಳಿ. ಎರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಸಾಮಾನ್ಯವಾಗಿ ಬರುವ ರೀತಿ: "ನಂಜುಂಡ ಶ್ರೋತ್ರಿ ಕಪಿಲಾ ನದಿಯ ಪಾಲಾಗುತ್ತಾನೆ. ನಂತರ ಅವನ ಹೆಂಡತಿ ಕಾತ್ಯಾಯನಿ ಕಾಲೇಜಿಗೆ ಸೇರುತ್ತಾಳೆ. ಅಲ್ಲಿ ರಾಜನ ಪರಿಚಯವಾಗುತ್ತದೆ. ನಂತರ ಇಬ್ಬರೂ ಮದುವೆಯಾಗುತ್ತಾರೆ. ಇತ್ತ ಸದಾಶಿವರಾಯರು ಕರುಣಾಳನ್ನು ಮದುವೆಯಾಗುತ್ತಾರೆ. ನಂತರ..."

ತಿದ್ದಿದ ರೀತಿ: "ಕಪಿಲೆ ಮಗನನ್ನು ಕಿತ್ತುಕೊಂಡ ಮೇಲೆ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಮನೆಯಲ್ಲಿ ಉಳಿದದ್ದು ವಯಸ್ಸಾದ ದಂಪತಿ, ಹರೆಯದ ಸೊಸೆ, ಒಂದು ಗಂಡು ಮಗು. ಸೊಸೆ ಕಾತ್ಯಾಯನಿ ಮಾವನ ಒಪ್ಪಿಗೆ ಪಡೆದು ಓದಲು ಮೈಸೂರಿಗೆ ಹೋಗತೊಡಗುತ್ತಾಳೆ. ಅಲ್ಲಿ ಅವಳಿಗೆ ಹೊಸ ಬದುಕಿನ ಬಾಗಿಲು ತೆರೆಯುತ್ತದೆ, ಆದರೆ ಮಗು ಹಿಂದಿನ ಮನೆಯಲ್ಲಿದೆ. ಅದೇ ಮೈಸೂರಿನಲ್ಲಿ ಇತಿಹಾಸಕಾರ ಸದಾಶಿವರಾಯರು ಒಂದು ದೊಡ್ಡ ಗ್ರಂಥಮಾಲೆಯಲ್ಲಿ ಮುಳುಗಿದ್ದಾರೆ. ಆ ಕೆಲಸಕ್ಕೆ ಜೊತೆ ನೀಡಬಲ್ಲವಳು ಶ್ರೀಲಂಕಾದಿಂದ ಬಂದ ಸಂಶೋಧಕಿ ಕರುಣಾ, ಮನೆಯಲ್ಲಿರುವ ಹೆಂಡತಿ ನಾಗಲಕ್ಷ್ಮಿಯಲ್ಲ."

ಎರಡನೆಯದು ಉದ್ದವಿದ್ದರೂ ಅದರಲ್ಲಿ ಕಥೆ ಕಡಿಮೆ. ಒಂದೇ ಒಂದು "ನಂತರ" ಇಲ್ಲ. ಕಥಾಸಾರ ಹಳಿ ತಪ್ಪುತ್ತಿದೆ ಎಂಬುದಕ್ಕೆ "ನಂತರ", "ಇತ್ತ", "ಹೀಗಿರುವಾಗ", "ಮುಂದೆ" ಎಂಬ ಪದಗಳೇ ಗುರುತು. 250 ಪದಗಳಲ್ಲಿ ಅವು ಎರಡಕ್ಕಿಂತ ಹೆಚ್ಚಿದ್ದರೆ ಘಟನೆಗಳನ್ನು ದಾರಕ್ಕೆ ಪೋಣಿಸುತ್ತಿದ್ದೀರಿ ಎಂದು ತಿಳಿಯಿರಿ.

ನಮ್ಮ ಭಾಗದವರಿಗೇ ವಿಶೇಷವಾದ ಒಂದು ತಪ್ಪೂ ಇಲ್ಲಿ ನುಸುಳುತ್ತದೆ. ನಂಜನಗೂಡು ಎಂದ ಕೂಡಲೇ ಶ್ರೀಕಂಠೇಶ್ವರನ ಗುಡಿ, ರಥೋತ್ಸವ, ಸ್ನಾನಘಟ್ಟ, ರಸಬಾಳೆ ಎಂದು ಲೇಖನಿ ಓಡುತ್ತದೆ. ಗೊತ್ತಿರುವ ಊರಿನ ಮೇಲಿನ ಪ್ರೀತಿ ಸಹಜ. ಆದರೆ ಊರಿನ ವರ್ಣನೆಗೆ ನೂರು ಪದ ಹೋದರೆ ಪುಸ್ತಕಕ್ಕೆ ನೂರು ಪದ ಕಡಿಮೆಯಾಯಿತು. ಮೈಸೂರಿಗೂ ನಂಜನಗೂಡಿಗೂ ಇರುವ ದೂರ 25 ಕಿಲೋಮೀಟರ್ ಮಾತ್ರ, ತಾಯಿ ಮಗುವಿನ ಮಧ್ಯೆ ಕಾದಂಬರಿ ಅದನ್ನೇ ದಾಟಲಾಗದ ದೂರವನ್ನಾಗಿ ಮಾಡುತ್ತದೆ ಎಂಬಂಥ ಮಾತು ಬಂದರೆ ಮಾತ್ರ ಊರಿನ ಪ್ರಸ್ತಾಪಕ್ಕೆ ಅರ್ಥ.

## ಹಂತ 5: ಕೊನೆಯ ಗುಟ್ಟನ್ನು ಏನು ಮಾಡುವುದು

ಅರುವತ್ತು ವರ್ಷ ಹಳೆಯ ಪುಸ್ತಕ, ಎಲ್ಲರಿಗೂ ಗೊತ್ತಿರುವ ಕಥೆ, ಮುಚ್ಚಿಡುವುದೇನಿದೆ ಎಂದು ಕೆಲವರು ವಾದಿಸುತ್ತಾರೆ. ಆದರೆ ವಿಮರ್ಶೆ ಓದುವವರಲ್ಲಿ ಇದನ್ನು ಮೊದಲ ಬಾರಿ ಕೈಗೆತ್ತಿಕೊಳ್ಳಲಿರುವ ಇಪ್ಪತ್ತರ ವಯಸ್ಸಿನವರೂ ಇರುತ್ತಾರೆ. ಶ್ರೋತ್ರಿಯರ ಹುಟ್ಟಿನ ಸಂಗತಿ ಅವರಿಗೆ ಪುಸ್ತಕದಲ್ಲೇ ಎದುರಾಗಬೇಕು. ಅಷ್ಟು ಪುಟಗಳ ಕಾಲ ಶ್ರೋತ್ರಿಯರನ್ನು ನಂಬಿ ಬಂದವರಿಗೆ ಮಾತ್ರ ಅದರ ಪೆಟ್ಟು ತಗಲುತ್ತದೆ.

ನಿಮ್ಮ ಮುಖ್ಯ ವಾಕ್ಯವನ್ನು ಗುಟ್ಟಿಲ್ಲದೆ ಸಮರ್ಥಿಸಬಹುದೇ ಎಂದು ಮೊದಲು ನೋಡಿ. ಆಗುವುದಾದರೆ ಗುಟ್ಟನ್ನು ಬಿಟ್ಟುಬಿಡಿ. ಉದಾಹರಣೆಗೆ, ನಿಮ್ಮ ಅಭಿಪ್ರಾಯ ಸದಾಶಿವರಾಯ, ಕರುಣಾ, ನಾಗಲಕ್ಷ್ಮಿಯರ ಎಳೆಯ ಬಗ್ಗೆ ಇದ್ದರೆ ಶ್ರೋತ್ರಿಯರ ಹುಟ್ಟಿನ ವಿಷಯ ಅನಗತ್ಯ. ಮೂವರಲ್ಲಿ ಯಾರನ್ನೂ ಕೆಟ್ಟವರನ್ನಾಗಿ ಮಾಡದೆ, ರಾಮನಾಮ ಬರೆಯುತ್ತ ಕೂರುವ ನಾಗಲಕ್ಷ್ಮಿಯ ನೋವನ್ನೂ ಗ್ರಂಥಕ್ಕೆ ಜೀವ ತೇಯುವ ಕರುಣಾಳ ನೋವನ್ನೂ ಒಂದೇ ತಕ್ಕಡಿಯಲ್ಲಿ ತೂಗಿರುವುದು ಈ ಕಾದಂಬರಿಯ ದೊಡ್ಡ ಗೆಲುವು ಎಂದು ಬರೆಯಲು ಕೊನೆಯ ಅಧ್ಯಾಯ ಬೇಡ.

ಹಂತ 2ರಲ್ಲಿ ತಿದ್ದಿದ ವಾಕ್ಯಕ್ಕೆ ಮಾತ್ರ ಗುಟ್ಟು ಬೇಕೇ ಬೇಕು. ಆಗ ಅದನ್ನು ಬರಹದ ಕೊನೆಯ ಮೂರನೇ ಭಾಗಕ್ಕೆ ತಳ್ಳಿ, ಅದರ ಮುಂಚೆ ಒಂದು ಸಾಲು ಬಿಟ್ಟು, "ಇಲ್ಲಿಂದ ಮುಂದೆ ಕಾದಂಬರಿಯ ಕೊನೆಯ ಸಂಗತಿಯಿದೆ. ಇನ್ನೂ ಓದದವರು ಇಲ್ಲಿ ನಿಲ್ಲಿಸಬಹುದು" ಎಂದು ನೇರವಾಗಿ ಬರೆಯಿರಿ. ಅಷ್ಟರವರೆಗಿನ ಭಾಗ ತಾನೇ ಒಂದು ಪೂರ್ಣ ವಿಮರ್ಶೆಯಾಗಿ ನಿಲ್ಲಬೇಕು, ಅಲ್ಲಿಗೇ ಬಿಟ್ಟವರಿಗೂ ನಿಮ್ಮ ನಿಲುವು ಯಾವ ಕಡೆಗಿದೆ ಎಂಬುದು ತಿಳಿದಿರಬೇಕು. "ಕೊನೆಯಲ್ಲಿ ಒಂದು ಆಘಾತಕಾರಿ ತಿರುವು ಕಾದಿದೆ" ಎಂದು ಸುಳಿವು ಕೊಟ್ಟು ಕೈತೊಳೆದುಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು. ಗುಟ್ಟು ಅರ್ಧ ಹೋಯಿತು, ವಾದ ಪೂರ್ತಿ ಹೋಯಿತು.

## ಹಂತ 6: ಪ್ರತಿ ಅಭಿಪ್ರಾಯದ ಪಕ್ಕ ಒಂದು ದೃಶ್ಯ

ಅಭಿಪ್ರಾಯಕ್ಕೆ ಸುಮಾರು 500 ಪದ ಸಿಗುತ್ತದೆ. ಅದರಲ್ಲಿ ಮೂರು ಮಾತುಗಳಿಗಿಂತ ಹೆಚ್ಚು ಹೇಳಲು ಹೋಗಬೇಡಿ. ಪ್ರತಿ ಮಾತಿಗೂ ಪುಸ್ತಕದ ಒಂದು ದೃಶ್ಯ ಪಕ್ಕದಲ್ಲೇ ಇರಲಿ. "ಶ್ರೋತ್ರಿಯರ ಪಾತ್ರ ಅತಿ ಆದರ್ಶಮಯ" ಎಂಬುದು ನಿಮ್ಮ ತಕರಾರಾದರೆ, ಮನೆಗೆಲಸದ ಲಕ್ಷ್ಮಿಯ ಪ್ರಸಂಗವನ್ನು ಕಥಾಸಾರದಿಂದ ತೆಗೆದು ಇಲ್ಲಿಗೆ ತನ್ನಿ. ಹೆಂಡತಿಯಿಂದ ದೂರವಿರಬೇಕಾದ ಪರಿಸ್ಥಿತಿಯಲ್ಲಿ, ಮನೆಯಲ್ಲೇ ಇರುವ ಲಕ್ಷ್ಮಿಯ ಕಡೆಗೆ ಮನಸ್ಸು ಎಳೆದರೂ ಅವರು ತಮ್ಮನ್ನು ಹಿಡಿದುಕೊಳ್ಳುತ್ತಾರೆ. ಆ ತಳಮಳ ನಿಮಗೆ ಮನುಷ್ಯಸಹಜವಾಗಿ ಕಂಡಿತೇ, ಗೆಲ್ಲಲೆಂದೇ ಇಟ್ಟ ಪರೀಕ್ಷೆಯಾಗಿ ಕಂಡಿತೇ? ಉತ್ತರ ಯಾವುದಾದರೂ, ಓದುಗರಿಗೆ ಈಗ ತೂಗಿನೋಡಲು ಒಂದು ವಸ್ತು ಸಿಕ್ಕಿತು.

ದೃಶ್ಯ ಸಿಗದ ಅಭಿಪ್ರಾಯವನ್ನು ಹೊಡೆದುಹಾಕಿ. ಹಾಗೆಯೇ ಪುಸ್ತಕದ ಹೆಸರನ್ನು ತೆಗೆದು ಬೇರೆ ಕಾದಂಬರಿಯ ಹೆಸರು ಹಾಕಿದರೂ ಹೊಂದುವ ವಾಕ್ಯಗಳನ್ನೂ ಹೊಡೆದುಹಾಕಿ. "ಪಾತ್ರಗಳು ಜೀವಂತವಾಗಿವೆ", "ಭಾಷೆ ಸರಳ ಸುಂದರ", "ಓದಿಸಿಕೊಂಡು ಹೋಗುತ್ತದೆ", ಈ ಮೂರೂ ಮೊದಲ ಸಲಕ್ಕೇ ಹೋಗುತ್ತವೆ.

ತಕರಾರನ್ನು ಹೇಳಲು ಹಿಂಜರಿಕೆಯಾಗುವುದು ಸಹಜ. ಹಳೆಯ ಕಾದಂಬರಿ, ದೊಡ್ಡ ಹೆಸರು. ಹಾಗಾಗಿ "ಕೆಲವು ವಿಮರ್ಶಕರ ಪ್ರಕಾರ", "ಎಂದು ಅನ್ನಿಸದಿರದು" ಎಂಬ ಮರೆಗಳು ಬರುತ್ತವೆ. ಯಾವ ವಿಮರ್ಶಕರು? ನಿಮಗೇ ಅನ್ನಿಸಿದ್ದಾದರೆ "ನನಗೆ ಒಪ್ಪಿಗೆಯಾಗಲಿಲ್ಲ" ಎಂದು ಬರೆದು, ಪಕ್ಕದಲ್ಲಿ ದೃಶ್ಯವನ್ನು ಇಡಿ. ಸಾಕ್ಷಿ ಜೊತೆಗಿದ್ದರೆ ನೇರ ಮಾತು ಒರಟಾಗಿ ಕೇಳುವುದಿಲ್ಲ.

## ಹಂತ 7: ಕೆಂಪು ನೀಲಿ ಪರೀಕ್ಷೆ

ಕರಡನ್ನು ಒಂದು ರಾತ್ರಿ ಬಿಟ್ಟು, ಮಾರನೆಯ ದಿನ ಕಾಗದದ ಮೇಲೆ ತೆಗೆದುಕೊಳ್ಳಿ. ಕಥೆ ಹೇಳುವ ವಾಕ್ಯಗಳ ಕೆಳಗೆ ಕೆಂಪು ಗೆರೆ, ಅಭಿಪ್ರಾಯದ ವಾಕ್ಯಗಳ ಕೆಳಗೆ ನೀಲಿ ಗೆರೆ ಎಳೆಯಿರಿ. ಎರಡೂ ಇರುವ ವಾಕ್ಯಕ್ಕೆ ಎರಡು ಗೆರೆ.

ಮೇಲೆಲ್ಲ ಕೆಂಪು, ಕೊನೆಗೊಂದಿಷ್ಟು ನೀಲಿ ಎಂದಾದರೆ ತರಗತಿಯ ಟಿಪ್ಪಣಿ ಮತ್ತೆ ಬಂದಿದೆ. ಬರೀ ನೀಲಿಯಾದರೆ ಪುಸ್ತಕ ಓದದವರಿಗೆ ಏನೂ ಅರ್ಥವಾಗುವುದಿಲ್ಲ, ಅದೂ ಅಷ್ಟೇ ದೊಡ್ಡ ಸೋಲು. ಮೊದಲ ಪ್ಯಾರಾದಲ್ಲೇ ಒಂದು ನೀಲಿ ಗೆರೆ ಇರಬೇಕು, ಎರಡನೆಯ ಮೂರನೆಯ ಪ್ಯಾರಾಗಳು ಹೆಚ್ಚಾಗಿ ಕೆಂಪಾಗಿರಬಹುದು, ಅಲ್ಲಿಂದ ಮುಂದೆ ಎರಡು ಗೆರೆಯ ವಾಕ್ಯಗಳೇ ಹೆಚ್ಚಿರಬೇಕು. ಸತತವಾಗಿ ಎಂಟು ಕೆಂಪು ವಾಕ್ಯ ಬಂದ ಕಡೆ ನಿಂತು, ಅವುಗಳಲ್ಲಿ ಯಾವ ಮೂರು ಮುಂದೆ ಬರುವ ನೀಲಿ ವಾಕ್ಯಕ್ಕೆ ಬೇಕೆಂದು ನೋಡಿ, ಉಳಿದ ಐದನ್ನು ತೆಗೆಯಿರಿ.

ಕೊನೆಯ ಪ್ಯಾರಾವನ್ನು ಬೇರೆಯಾಗಿ ಪರೀಕ್ಷಿಸಿ. ಅದು "ಒಟ್ಟಿನಲ್ಲಿ" ಎಂದು ಶುರುವಾಗಿದ್ದರೆ ಅದರಲ್ಲಿ ಹೊಸದೇನೂ ಇರುವುದಿಲ್ಲ. ಪೂರ್ತಿ ತೆಗೆದು, ಅದರ ಮೇಲಿನ ಪ್ಯಾರಾದಲ್ಲೇ ಬರಹ ಮುಗಿಯುತ್ತದೆಯೇ ನೋಡಿ. ಬಹಳ ಸಲ ಮುಗಿಯುತ್ತದೆ.

## ಹಂತ 8: ವಿವರಗಳ ತಾಳೆ

ಪಾತ್ರಗಳ ಹೆಸರಿನ ಕಾಗುಣಿತವನ್ನು ಪುಸ್ತಕ ತೆರೆದು ಒಂದೊಂದಾಗಿ ನೋಡಿ. ಮೊದಲು ಪ್ರಕಟವಾದ ವರ್ಷ, ನೀವು ಓದಿದ ಮುದ್ರಣದ ವರ್ಷ ಎರಡನ್ನೂ ಬೇರೆ ಬೇರೆಯಾಗಿ ಕೊಡಿ. ಕೈಯಲ್ಲಿರುವ ಪ್ರತಿಯ ವರ್ಷವನ್ನೇ ಕಾದಂಬರಿಯ ವರ್ಷವೆಂದು ಬರೆದುಬಿಡುವವರು ಹಲವರು. ಉದ್ಧರಣೆಗಳು ಎರಡಕ್ಕಿಂತ ಹೆಚ್ಚು ಬೇಡ, ಒಂದೊಂದೂ ಮೂರು ಸಾಲಿನೊಳಗಿರಲಿ, ಅಕ್ಷರಶಃ ಪುಸ್ತಕದಲ್ಲಿರುವಂತೆಯೇ ಇರಲಿ. ಕಾದಂಬರಿಯ ಕಾಲದ ಕಾಗುಣಿತ ಈಗಿನದಕ್ಕಿಂತ ಬೇರೆಯಿದ್ದರೆ ತಿದ್ದಬೇಡಿ.

ಕಡೆಯದಾಗಿ ತಲೆಬರಹ. ಹಂತ 2ರ ವಾಕ್ಯದಿಂದಲೇ ಅದನ್ನು ತೆಗೆಯಿರಿ. "ವಂಶವೃಕ್ಷ: ಒಂದು ಅವಲೋಕನ" ಎಂಬುದರಲ್ಲಿ ನೀವಿಲ್ಲ. "ವಂಶವೃಕ್ಷ: ಯಾರು ಎಷ್ಟು ಬೆಲೆ ತೆತ್ತರು" ಎಂದರೆ ಗುಟ್ಟೂ ಒಡೆಯಲಿಲ್ಲ, ನಿಮ್ಮ ಪ್ರಶ್ನೆಯೂ ಮೊದಲ ಸಾಲಿಗೇ ಬಂತು.